ವಿಷಯ: ಮಂಡಿ ಬಿಲ್ಲಿಂಗ್ ಸಾಫ್ಟ್‌ವೇರ್, ವಾರದ ವರದಿ (14-06-2025): ಶುರು ಮಾಡುವ ದಿನ ಜೂನ್ 23ರಿಂದ ಜುಲೈ 7ಕ್ಕೆ

ನಮಸ್ಕಾರ ಸರ್,

ಮೊದಲು ಕೆಟ್ಟ ಸುದ್ದಿ. ಜೂನ್ 23ಕ್ಕೆ ನಿಮ್ಮ ಮಂಡಿಯಲ್ಲಿ ಸಾಫ್ಟ್‌ವೇರ್ ಶುರು ಮಾಡಲು ಆಗುವುದಿಲ್ಲ. ಹೊಸ ದಿನ ಜುಲೈ 7, ಸೋಮವಾರ. ಎರಡು ವಾರ ತಡ.

ಮುಖ್ಯ ಕಾರಣ ಪ್ರಿಂಟರ್, ತಪ್ಪು ನಮ್ಮದೇ. ರೈತರಿಗೆ ಕೊಡುವ ಬಿಲ್ ಕನ್ನಡದಲ್ಲೇ ಇರಬೇಕು ಅಂತ ನೀವು ಮೊದಲ ದಿನವೇ ಹೇಳಿದ್ದಿರಿ. ನಾವು ಅದನ್ನು ಲ್ಯಾಪ್‌ಟಾಪ್ ಪರದೆಯ ಮೇಲೆ ನೋಡಿ, ಸರಿ ಇದೆ ಅಂದುಕೊಂಡೆವು. ಮಂಗಳವಾರ ನಿಮ್ಮ ಕೌಂಟರ್‌ನ ಥರ್ಮಲ್ ಪ್ರಿಂಟರ್‌ಗೆ ಕಳಿಸಿದಾಗ ಅಕ್ಷರದ ಬದಲು ಬರೀ ಚೌಕಗಳು ಬಂದವು. ಆ ಪ್ರಿಂಟರ್ ಒಳಗೆ ಕನ್ನಡ ಅಕ್ಷರಗಳೇ ಇಲ್ಲ. ಹಾಗಾಗಿ ಇಡೀ ಬಿಲ್ಲನ್ನು ಚಿತ್ರ ಮಾಡಿ ಕಳಿಸಿದೆವು. ಈಗ ಮುನಿಯಪ್ಪನವರ ಒತ್ತಕ್ಷರ ಕೂಡ ಸರಿಯಾಗಿ ಬರುತ್ತಿದೆ, ಆದರೆ ಒಂದು ಬಿಲ್‌ಗೆ 9 ಸೆಕೆಂಡ್ ಹಿಡಿಯುತ್ತಿದೆ. ಹರಾಜು ಮುಗಿದ ಮೇಲೆ ಕೌಂಟರ್ ಮುಂದೆ ಎಷ್ಟು ಜನ ನಿಂತಿರುತ್ತಾರೆ ಅಂತ ನಿಮಗೇ ಗೊತ್ತು. ಅಷ್ಟು ನಿಧಾನದ್ದನ್ನು ನಿಮ್ಮ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಅಂಕಿಗಳನ್ನು ಪ್ರಿಂಟರ್ ತಾನೇ ಬರೆಯಲಿ, ಹೆಸರು ಮತ್ತು ಊರು ಮಾತ್ರ ಚಿತ್ರವಾಗಿ ಹೋಗಲಿ ಅಂತ ಬದಲಾಯಿಸುತ್ತಿದ್ದೇವೆ. ಮೂರು ಸೆಕೆಂಡ್‌ಗೆ ಇಳಿಸುವುದು ಗುರಿ.

ಇನ್ನೊಂದು ಸಣ್ಣ ಕಾರಣ ಕ್ರೇಟ್ ಲೆಕ್ಕ. ಹಳೆ ಪುಸ್ತಕ ನಮಗೆ ಸಿಕ್ಕಿದ್ದು ಜೂನ್ 9ಕ್ಕೆ, ಒಪ್ಪಿದ್ದಕ್ಕಿಂತ ಒಂದು ವಾರ ತಡವಾಗಿ. ಸೀಸನ್ ಮಧ್ಯೆ ಪುಸ್ತಕ ಕೈಬಿಡುವುದು ಕಷ್ಟ ಅಂತ ಗೊತ್ತು, ದೂರು ಹೇಳುತ್ತಿಲ್ಲ. ಆದರೆ ಅದರಲ್ಲಿ ಒಂದೇ ಊರಿನ ನಾಲ್ಕು ಮುನಿಯಪ್ಪ ಇದ್ದಾರೆ. ಯಾರ ಹತ್ತಿರ ಎಷ್ಟು ಖಾಲಿ ಕ್ರೇಟ್ ಇದೆ ಅಂತ ನಾವು ಸುಮ್ನೆ ಊಹಿಸಿ ಹಾಕಿದರೆ ನಾಳೆ ಜಗಳ ನಿಮ್ಮ ಬಾಗಿಲಿಗೇ ಬರುತ್ತದೆ, ಅಲ್ವಾ?

ರೈತರ ನೋಂದಣಿ, ಖರೀದಿದಾರರ ಖಾತೆ, ಕಮಿಷನ್ ಲೆಕ್ಕ ಈ ವಾರ ಮುಗಿದಿವೆ. ಎಸ್‌ಎಂಎಸ್ ಇನ್ನೂ ಬಾಕಿ. ಅದು ಜುಲೈ 7ರ ನಂತರ ಬಂದರೂ ಕೆಲಸ ನಿಲ್ಲುವುದಿಲ್ಲ.

ಹೊಸ ದಿನಗಳು:
ಪ್ರಿಂಟರ್ ಕೆಲಸ ಮುಗಿಯುವುದು: ಜೂನ್ 20, ಶುಕ್ರವಾರ
ಒಂದು ಕೌಂಟರ್‌ನಲ್ಲಿ ಪರೀಕ್ಷೆ: ಜೂನ್ 24ರಿಂದ (ಮೊದಲು 16 ಅಂತ ಇತ್ತು)
ಎಲ್ಲ ಕೌಂಟರ್‌ನಲ್ಲಿ ಶುರು: ಜುಲೈ 7

ಪರೀಕ್ಷೆಯ ದಿನಗಳಲ್ಲಿ ಕೈಬರಹದ ಬಿಲ್ ಪುಸ್ತಕವನ್ನೂ ಜೊತೆಗೆ ಇಟ್ಟುಕೊಳ್ಳಿ. 20ರ ರಾತ್ರಿ ಪ್ರಿಂಟರ್ ಮೂರು ಸೆಕೆಂಡ್‌ಗೆ ಬರದಿದ್ದರೆ 21ರ ಬೆಳಿಗ್ಗೆಯೇ ಫೋನ್ ಮಾಡಿ ಹೇಳುತ್ತೇನೆ. ಕೊನೆ ಗಳಿಗೆಗೆ ಬಿಡುವುದಿಲ್ಲ. ತಡಕ್ಕೆ ಹೆಚ್ಚುವರಿ ಹಣ ಕೇಳುವುದಿಲ್ಲ. ಜುಲೈ 7ಕ್ಕೆ ಕೊಡಬೇಕಾದ ಕಂತು ಕೂಡ ಸಾಫ್ಟ್‌ವೇರ್ ಶುರುವಾದ ಮೇಲೆ ಕೊಟ್ಟರೆ ಸಾಕು.

ನಿಮ್ಮಿಂದ ಬೇಕಿರುವುದು ಒಂದೇ. ಕ್ರೇಟ್ ಬಾಕಿಯ ಹೆಸರುಗಳನ್ನು ನೋಡಿ ಸರಿ ಅನ್ನಲು ನಿಮ್ಮ ಗುಮಾಸ್ತರನ್ನು ಬುಧವಾರ (ಜೂನ್ 18) ಮಧ್ಯಾಹ್ನ ಎರಡು ಗಂಟೆ ಹೊತ್ತು ಬಿಟ್ಟುಕೊಡಿ. ಹರಾಜು ಮುಗಿದ ಮೇಲೆ ನಾನೇ ಯಾರ್ಡ್‌ಗೆ ಬರುತ್ತೇನೆ.

ಇಂತಿ,
ಮಂಜುನಾಥ
ಕೋಲಾರ