ಡಿ.ಫಾರ್ಮ್ ಮೊದಲ ವರ್ಷ: ಫಾರ್ಮಸ್ಯೂಟಿಕ್ಸ್ ಮಾದರಿ ಪರೀಕ್ಷೆ

ಭಾನುವಾರದ ತರಗತಿ, ಬದಿಯಡ್ಕ
ವಿಷಯ: ಮದ್ದಿನ ರೂಪಗಳು, ದಾಸ್ತಾನು, ಡೈಲ್ಯೂಶನ್ ಲೆಕ್ಕ
ಸಮಯ: 1 ಗಂಟೆ 30 ನಿಮಿಷ   ಅಂಕ: 50

ಮೊದಲು ಇದನ್ನು ಓದಿ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತು ಈಗ ಇಂಗ್ಲಿಷ್ ಪುಸ್ತಕದೆದುರು ಕೂತಿರುವ ನಿಮಗಾಗಿಯೇ ಈ ಪತ್ರಿಕೆ ಮಾಡಿದ್ದು. ಲೆಕ್ಕ ನಿಮ್ಮ ಮಾತಿನಲ್ಲಿ ಒಮ್ಮೆ ಗಟ್ಟಿಯಾದರೆ ಇಂಗ್ಲಿಷಿನಲ್ಲಿ ಕೇಳಿದರೂ ಕೈ ನಡುಗುವುದಿಲ್ಲ. ಕ್ಯಾಲ್ಕ್ಯುಲೇಟರ್ ಬೇಡ. ಪ್ರತಿ ಹಂತದಲ್ಲೂ ಮಿ.ಲೀ., ಮಿ.ಗ್ರಾಂ, ಯೂನಿಟ್ ಬರೆಯಲೇಬೇಕು. ಬರೆಯದ ಉತ್ತರಕ್ಕೆ ಅಂಕವಿಲ್ಲ. ಅರ್ಧವನ್ನು 0.5 ಎಂದೇ ಬರೆಯಿರಿ, ಮುಂದಿನ ಸೊನ್ನೆ ಬಿಡಬೇಡಿ. ಅವಸರದಲ್ಲಿ ಓದುವವರ ಕಣ್ಣಿಗೆ ಚುಕ್ಕಿ ಬೀಳದಿದ್ದರೆ ರೋಗಿಗೆ ಹತ್ತು ಪಟ್ಟು ಮದ್ದು ಹೋಗುತ್ತದೆ.

ಭಾಗ ಅ (ಎರಡು ಮೂರು ವಾಕ್ಯ ಸಾಕು, ತಲಾ 2 ಅಂಕ)

1. ಮಾವನಿಗೆ ನುಂಗಲಾಗುವುದಿಲ್ಲ ಎಂದು ಸೊಸೆ ಎಂಟೆರಿಕ್ ಕೋಟೆಡ್ ಗುಳಿಗೆಯನ್ನು ಕುಟ್ಟಿ ಜೇನಿನಲ್ಲಿ ಕೊಡುತ್ತಿದ್ದಾಳೆ. ಆ ಕೋಟಿಂಗಿನ ಕೆಲಸವೇನು? ಕುಟ್ಟಿದರೆ ಏನಾಗುತ್ತದೆ?

2. ಸಸ್ಪೆನ್ಶನ್ ಕುಪ್ಪಿಯನ್ನು ಕುಲುಕದೆಯೇ ಐದು ದಿನ ಕುಡಿಸಿದರು. ಮೊದಲ ದಿನದ ಡೋಸಿಗೂ ಕೊನೆಯ ದಿನದ ಡೋಸಿಗೂ ಏನು ವ್ಯತ್ಯಾಸ?

3. ಲೋಶನ್, ಲಿನಿಮೆಂಟ್: ತಿಕ್ಕಿ ಹಚ್ಚುವುದು ಯಾವುದು? ಒಡೆದ ಚರ್ಮಕ್ಕೆ ಹಚ್ಚಬಾರದ್ದು ಯಾವುದು?

4. ಕಿವಿಯ ಹನಿಮದ್ದನ್ನು ಕಣ್ಣಿಗೆ ಯಾಕೆ ಬಿಡಬಾರದು?

5. ಗ್ಲಿಸರಿಲ್ ಟ್ರೈನೈಟ್ರೇಟ್ ಗುಳಿಗೆಯನ್ನು ನುಂಗದೆ ನಾಲಿಗೆಯಡಿ ಇಡುವುದು ಯಾಕೆ?

ಭಾಗ ಆ

6. ಪೆಟ್ಟಿಗೆಗಳ ಮೇಲೆ ಹೀಗಿದೆ: '2–8 ಡಿಗ್ರಿಯಲ್ಲಿಡಿ, ಹೆಪ್ಪುಗಟ್ಟಿಸಬೇಡಿ', '30 ಡಿಗ್ರಿ ಮೀರದಿರಲಿ', 'ಬೆಳಕು ತಾಗದಿರಲಿ'. ಒಂದೊಂದಕ್ಕೂ ಒಂದು ಮದ್ದು ಹೆಸರಿಸಿ. ಮೇ ತಿಂಗಳಲ್ಲಿ ತಗಡಿನ ಮಾಡಿನ ಅಂಗಡಿಯಲ್ಲಿ ಎರಡನೆಯ ಪೆಟ್ಟಿಗೆಯನ್ನು ಮೇಲಿನ ಅಟ್ಟದಲ್ಲಿ ಇಡಬಹುದೇ? (4)

7. ಆಟಿ ತಿಂಗಳು, ಮುಳ್ಳೇರಿಯದಲ್ಲೊಂದು ಮದ್ದಿನಂಗಡಿ. ತಂತಿಯ ಮೇಲೆ ಮರ ಬಿದ್ದು ರಾತ್ರಿಯಿಡೀ ಕರೆಂಟಿಲ್ಲ. ಬೆಳಿಗ್ಗೆ ಫ್ರಿಜ್ಜಿನ ಥರ್ಮಾಮೀಟರ್ 14 ಡಿಗ್ರಿ ತೋರಿಸುತ್ತಿದೆ. ಕೆಲಸದ ಹುಡುಗ ಗಾಬರಿಯಲ್ಲಿ ನಾಲ್ಕು ಇನ್ಸುಲಿನ್ ವಯಲ್‌ಗಳನ್ನು ಫ್ರೀಝರಿನ ಮಂಜುಗಡ್ಡೆಗೆ ತಾಗಿಸಿ ಇಟ್ಟಿದ್ದಾನೆ. ಅವು ಹೆಪ್ಪುಗಟ್ಟಿ, ಈಗ ಕರಗಿ, ನೋಡಲು ಮೊದಲಿನಂತೆಯೇ ಇವೆ.
(ಕ) ಈ ನಾಲ್ಕನ್ನು ಏನು ಮಾಡುತ್ತೀರಿ? (2)
(ಖ) ಫ್ರಿಜ್ಜಿನಲ್ಲೇ ಉಳಿದ ವಯಲ್‌ಗಳನ್ನು? ಮೊದಲು ಯಾವ ಮಾಹಿತಿ ಬರೆದಿಡುತ್ತೀರಿ? (2)
(ಗ) ಅದೇ ಫ್ರಿಜ್ಜಿನ ಟಿಟಿ ವ್ಯಾಕ್ಸಿನ್ ಹೆಪ್ಪುಗಟ್ಟಿತ್ತೇ ಎಂದು ತಿಳಿಯುವ ಶೇಕ್ ಟೆಸ್ಟ್ ವಿವರಿಸಿ. (2)

8. ಎದೆನೋವಿನ ಅಜ್ಜಿ ಗ್ಲಿಸರಿಲ್ ಟ್ರೈನೈಟ್ರೇಟ್ ಗುಳಿಗೆಗಳನ್ನು ಕಂದು ಗಾಜಿನ ಕುಪ್ಪಿಯಿಂದ ತೆಗೆದು, ಪ್ಲಾಸ್ಟಿಕ್ ಡಬ್ಬಿಗೆ ಹತ್ತಿಯ ಜೊತೆ ಹಾಕಿ, ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ತಪ್ಪುಗಳನ್ನು ಗುರುತಿಸಿ. ಆಮೇಲೆ ಅಜ್ಜಿಗೆ ಹೇಳುವ ಮಾತನ್ನೇ ಬರೆಯಿರಿ, ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ. ಪಠ್ಯದ ವಾಕ್ಯ ಬೇಡ. ಅಜ್ಜಿಗೆ ಅರ್ಥವಾದರೆ ಮಾತ್ರ ಅಂಕ. (5)

ಭಾಗ ಇ

9. 5% ಸೋಡಿಯಂ ಹೈಪೋಕ್ಲೋರೈಟ್ ಇದೆ. 1% ದ್ರಾವಣ 1 ಲೀಟರ್ ಬೇಕು. (3)

10. 90% ಮತ್ತು 60% ಆಲ್ಕೋಹಾಲ್ ಬೆರೆಸಿ 70% ಆಲ್ಕೋಹಾಲ್ 600 ಮಿ.ಲೀ. ಮಾಡಿ. ಅಲಿಗೇಶನ್ ಚಿತ್ರ ಬಿಡಿಸಲೇಬೇಕು. (4)

11. 15 ಕೆ.ಜಿ. ತೂಕದ ಮಗುವಿಗೆ ಅಮೋಕ್ಸಿಸಿಲಿನ್ ದಿನಕ್ಕೆ ಕೆ.ಜಿ.ಗೆ 25 ಮಿ.ಗ್ರಾಂನಂತೆ ಮೂರು ಹೊತ್ತಿಗೆ ಹಂಚಿ, 5 ದಿನ. ಡ್ರೈ ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂ, ಕುಪ್ಪಿ 30 ಮಿ.ಲೀ. ಒಂದು ಹೊತ್ತಿಗೆ ಎಷ್ಟು ಮಿ.ಲೀ.? ಎಷ್ಟು ಕುಪ್ಪಿ? ಎಲ್ಲವನ್ನೂ ಮೊದಲ ದಿನವೇ ಕಲಸಬೇಕೇ? (5)

12. ಪೆರ್ಲದ ಒಂದು ಮನೆಯ ಮುರಕಲ್ಲಿನ ಬಾವಿ: ವ್ಯಾಸ 2 ಮೀಟರ್, ನೀರಿನ ಆಳ 5 ಮೀಟರ್. ಮಳೆಯಲ್ಲಿ ಅಂಗಳದ ಕೆಸರು ನೀರು ಒಳಗೆ ಹೋಗಿದೆ. 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ ಎಷ್ಟು ಬೇಕು? ಹಾಕುವ ಕ್ರಮ ಬರೆಯಿರಿ. (5)

13. 1 ಲೀಟರಿನ ಓಆರ್‌ಎಸ್ ಪೊಟ್ಟಣವನ್ನು (20.5 ಗ್ರಾಂ) ತಾಯಿ 200 ಮಿ.ಲೀ. ಲೋಟದಲ್ಲಿ ಕರಗಿಸಿದರು. ಸರಿಯಾಗಿ ಕರಗಿಸಿದ ಓಆರ್‌ಎಸ್‌ನ ಆಸ್ಮೊಲಾರಿಟಿ 245. ಈ ಲೋಟದ್ದು ಸುಮಾರು ಎಷ್ಟು? ಮಗುವಿಗೆ ಅಪಾಯವೇನು? (3)

14. ಡಾಕ್ಟರು ಬರೆದದ್ದು 20 ಯೂನಿಟ್. ವಯಲ್ ಮಿ.ಲೀ.ಗೆ 40 ಯೂನಿಟ್‌ನದು. ಮನೆಯಲ್ಲಿರುವುದು ಮಿ.ಲೀ.ಗೆ 100 ಯೂನಿಟ್ ಗುರುತಿನ ಸಿರಿಂಜು. ರೋಗಿ ಅದರಲ್ಲಿ 20ರ ಗೆರೆವರೆಗೆ ಎಳೆದುಕೊಂಡರು. ಅವರಿಗೆ ನಿಜಕ್ಕೂ ಹೋದದ್ದು ಎಷ್ಟು ಯೂನಿಟ್? ಕೌಂಟರಿನಲ್ಲಿ ನೀವು ಏನು ಮಾಡಬೇಕಿತ್ತು? (5)

ಉತ್ತರಗಳು (ಬರೆದು ಮುಗಿಸಿದ ಮೇಲೆ ನೋಡಿ. ಭಾಗ ಅ, ಪ್ರಶ್ನೆ 6 ಮತ್ತು 8 ತರಗತಿಯಲ್ಲಿ ಮಾತಾಡೋಣ.)

7. ಹೆಪ್ಪುಗಟ್ಟಿದ ಇನ್ಸುಲಿನ್ ಕಣ್ಣಿಗೆ ಚೆನ್ನಾಗಿ ಕಂಡರೂ ಮಾರುವಂತಿಲ್ಲ, ಬೇರೆಯಿಟ್ಟು ಗುರುತು ಹಾಕಿ. ಉಳಿದವುಗಳ ಬಗ್ಗೆ 'ಎಸೆಯಿರಿ' ಎಂದು ಬರೆದವರಿಗೂ 'ಏನೂ ಆಗಿಲ್ಲ' ಎಂದವರಿಗೂ ಪೂರ್ತಿ ಅಂಕವಿಲ್ಲ. ಕರೆಂಟು ಹೋದ ಹೊತ್ತು, ಬಂದ ಹೊತ್ತು, ತಾಪಮಾನ, ಬ್ಯಾಚ್ ನಂಬರ್ ಬರೆದು, ಮಾರಾಟ ನಿಲ್ಲಿಸಿ, ಕಂಪೆನಿಯನ್ನು ಕೇಳಬೇಕು. ಶೇಕ್ ಟೆಸ್ಟಿಗೆ ಅದೇ ಬ್ಯಾಚಿನ ಒಂದು ವಯಲನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಸಂಶಯದ ವಯಲಿನೊಂದಿಗೆ ಕುಲುಕಿ ಪಕ್ಕಪಕ್ಕ ಇಡಿ. ಸಂಶಯದ್ದೂ ಅಷ್ಟೇ ಬೇಗ ಅಥವಾ ಇನ್ನೂ ಬೇಗ ತಳ ಸೇರಿದರೆ ಬಳಸಬೇಡಿ.

9. C1V1 = C2V2, 5 × V1 = 1 × 1000, V1 = 200 ಮಿ.ಲೀ. ನೀರು 800 ಮಿ.ಲೀ. '200ಕ್ಕೆ 1000 ನೀರು' ಎಂದು ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. V2 ಎಂದರೆ ಬೆರೆಸಿದ ಮೇಲಿನ ಒಟ್ಟು ಅಳತೆ.

10. 90ರದ್ದು 70 − 60 = 10 ಪಾಲು, 60ರದ್ದು 90 − 70 = 20 ಪಾಲು, ಅಂದರೆ 1:2. 90% ಆಲ್ಕೋಹಾಲ್ 200 ಮಿ.ಲೀ., 60%ನದು 400 ಮಿ.ಲೀ.

11. 15 × 25 = 375 ಮಿ.ಗ್ರಾಂ ದಿನಕ್ಕೆ, ಒಂದು ಹೊತ್ತಿಗೆ 125 ಮಿ.ಗ್ರಾಂ, ಅಂದರೆ 5 ಮಿ.ಲೀ. ಐದು ದಿನಕ್ಕೆ 75 ಮಿ.ಲೀ., ಆದ್ದರಿಂದ 3 ಕುಪ್ಪಿ. ಒಂದು ಮುಗಿದ ಮೇಲೆ ಇನ್ನೊಂದನ್ನು ಕಲಸಿದರೆ ಸಾಕು. ಕುದಿಸಿ ಆರಿಸಿದ ನೀರು ಸ್ವಲ್ಪ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿ ಮತ್ತೆ ಕುಲುಕಬೇಕು. ನೊರೆಯನ್ನೇ ಗುರುತೆಂದು ನಿಲ್ಲಿಸಿದರೆ ಮದ್ದು ದಪ್ಪವಾಗಿ ಡೋಸ್ ಏರುತ್ತದೆ.

12. 3.14 × 2 × 2 × 5 ÷ 4 = 15.7 ಘನ ಮೀಟರ್ = 15,700 ಲೀಟರ್. 15.7 × 2.5 = 39.25 ಗ್ರಾಂ, ಮನೆಯವರಿಗೆ 40 ಗ್ರಾಂ ಎಂದು ಹೇಳಿ. ಬಕೆಟಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿನೀರನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ ಬಾವಿಗಿಳಿಸಿ ಕದಡಬೇಕು. ಸುಣ್ಣದ ಗಸಿ ಬಾವಿಗೆ ಹೋಗಬಾರದು. ಕಡಿಮೆಯೆಂದರೆ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಒಳ್ಳೆಯದು. ವ್ಯಾಸವನ್ನೇ ತ್ರಿಜ್ಯವೆಂದು ಹಿಡಿದವರಿಗೆ ನಾಲ್ಕು ಪಟ್ಟು ಬಂದಿರುತ್ತದೆ.

13. ಐದು ಪಟ್ಟು, ಸುಮಾರು 1225. ದಪ್ಪ ದ್ರಾವಣ ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ರಕ್ತದಲ್ಲಿ ಸೋಡಿಯಂ ಏರುತ್ತದೆ.

14. ಆ ಸಿರಿಂಜಿನ 20ರ ಗೆರೆ ಎಂದರೆ 0.2 ಮಿ.ಲೀ. 0.2 × 40 = 8 ಯೂನಿಟ್. ಬೇಕಾದದ್ದು 0.5 ಮಿ.ಲೀ. ಸಕ್ಕರೆ ಇಳಿಯಲಿಲ್ಲವೆಂದು ಡಾಕ್ಟರು ಡೋಸ್ ಏರಿಸುತ್ತಾರೆ. ಆಮೇಲೊಂದು ದಿನ ಸರಿಯಾದ ಸಿರಿಂಜು ಕೈಗೆ ಸಿಕ್ಕರೆ ಸಕ್ಕರೆ ಕುಸಿದು ರೋಗಿ ಬೀಳುತ್ತಾರೆ. ಸಿರಿಂಜಿನ ಮುಚ್ಚಳದ ಬಣ್ಣವನ್ನೂ ವಯಲಿನ ಲೇಬಲನ್ನೂ ಎದುರಿಟ್ಟು ತೋರಿಸಿ: 40ಕ್ಕೆ ಕೆಂಪು, 100ಕ್ಕೆ ಕಿತ್ತಳೆ. ರೋಗಿಯ ಕೈಯಿಂದಲೇ ಒಮ್ಮೆ ಎಳೆಸಿ ನೋಡಿದ ಮೇಲೆ ಬಿಲ್ ಕೊಡಿ.