ವಿಷಯ: ನಾಲ್ಕು ಶನಿವಾರದ ಟ್ರಯಲ್ – ಒಂದೇ ಲೈನ್, ದುಡ್ಡು ಬೇಡ, ನಿಮ್ಮ ಬುಕ್ಕು ಹಾಗೇ ಇರಲಿ

ವೀರೇಶಣ್ಣ, ನಮಸ್ಕಾರ.

ಮೊನ್ನೆ ಮುಂಡ್ರಿಗಿಯ ನಿಮ್ಮ ಜೀನ್ಸ್ ಯೂನಿಟ್‌ನಲ್ಲಿ ಕೆಲಸದ ನಡುವೆಯೂ ಅಷ್ಟು ಹೊತ್ತು ಕೂತು ಮಾತಾಡಿದಿರಿ, ತುಂಬಾ ಥ್ಯಾಂಕ್ಸ್. ಹೊರಡುವಾಗ ಟೇಲರ್‌ಗಳ ಪೀಸ್ ಲೆಕ್ಕ ಇಡುವ ನಮ್ಮ ಸಾಫ್ಟ್‌ವೇರ್‌ಗೆ ಕೊಟೇಶನ್ ಕಳಿಸು ಅಂದಿರಿ. ರೇಟು ಈ ಮೇಲ್‌ನ ಕೊನೆಯಲ್ಲಿ ಬರೆದಿದ್ದೇನೆ. ಆದರೆ ಈಗಲೇ ಕೊಂಡುಕೊಳ್ಳಿ ಅಂತ ಕೇಳುತ್ತಿಲ್ಲ. ಮೊದಲು ನಾಲ್ಕು ವಾರ ನಡೆಸಿ ನೋಡಿ, ಆಮೇಲೆ ಬೇಕೋ ಬೇಡವೋ ಹೇಳಿ.

ಎರಡು ವರ್ಷದ ಹಿಂದೆ ಒಂದು ಸಾಫ್ಟ್‌ವೇರ್ ತಗೊಂಡು ಕೈ ಸುಟ್ಟುಕೊಂಡ ಕಥೆ ನೀವು ಹೇಳಿದಿರಿ. ಅದರಲ್ಲಿ ಹೋದ ದುಡ್ಡಿಗಿಂತ ನಿಮ್ಮನ್ನು ಜಾಸ್ತಿ ನೋಯಿಸಿದ್ದು ಆ ಒಂದು ಶನಿವಾರ ಅಂತ ನನಗೆ ಅನಿಸಿತು. ಬಟವಾಡೆ ರಾತ್ರಿ ಒಂಬತ್ತಾದರೂ ಮುಗಿಯಲಿಲ್ಲ, ಟೇಲರ್‌ಗಳು ಬಾಗಿಲಲ್ಲಿ ನಿಂತೇ ಇದ್ದರು, ಇಬ್ಬರು ಮುಂದಿನ ವಾರದಿಂದ ಬರಲೇ ಇಲ್ಲ ಅಂದಿರಿ. ಸಾಫ್ಟ್‌ವೇರ್ ಪುಕ್ಕಟೆ ಕೊಟ್ಟರೂ ಈ ನಷ್ಟ ತಪ್ಪೋದಿಲ್ಲ, ಅಲ್ವಾ? ಒಳ್ಳೆ ಟೇಲರ್ ಒಬ್ಬ ಪಕ್ಕದ ಯೂನಿಟ್‌ಗೆ ಹೋದರೆ ವಾಪಸ್ ಕರೆಸೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಹಾಗಾಗಿ ಬರೀ 'ಒಂದು ತಿಂಗಳು ಫ್ರೀ' ಅಂದರೆ ನಿಮಗೆ ಏನೂ ಕೊಟ್ಟ ಹಾಗಲ್ಲ. ನಿಮ್ಮ ಒಂದು ಬಟವಾಡೆಯೂ ನಮ್ಮ ಮೇಲೆ ನಿಲ್ಲದ ಹಾಗೆ ಟ್ರಯಲ್ ನಡೆಯಬೇಕು. ಅದನ್ನು ಮನಸ್ಸಲ್ಲಿಟ್ಟುಕೊಂಡು ಹೀಗೆ ಯೋಚಿಸಿದ್ದೇನೆ.

ಜುಲೈ 6, ಸೋಮವಾರ ಶುರು. ಜುಲೈ 11, 18, 25 ಮತ್ತು ಆಗಸ್ಟ್ 1, ಈ ನಾಲ್ಕು ಶನಿವಾರದ ಬಟವಾಡೆ ನೋಡೋಣ. ನಿಮ್ಮ ಮೂರು ಲೈನ್‌ಗಳಲ್ಲಿ ಹುಸೇನ್ ಸಾಬ್ ನೋಡಿಕೊಳ್ಳುವ ಒಂದು ಲೈನ್ ಮಾತ್ರ. ಉಳಿದ ಎರಡನ್ನು ಮುಟ್ಟುವುದೇ ಇಲ್ಲ. ಕೌಲ್ ಬಜಾರ್‌ನಲ್ಲಿ ಮನೆಮನೆಗೆ ಕೊಡುವ ಹೊಲಿಗೆಯೂ ಈಗ ಬೇಡ. ಅದರ ಲೆಕ್ಕವೇ ಬೇರೆ, ಎರಡನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಸರಿಯಾಗಿ ತಿಳಿಯುವುದಿಲ್ಲ. ದಸರಾ, ದೀಪಾವಳಿ ಆರ್ಡರ್‌ಗಳ ಗಡಿಬಿಡಿ ಶುರುವಾಗುವ ಮುಂಚೆ ಇದು ಮುಗಿಯಲಿ ಅಂತಲೇ ಜುಲೈ ಹಿಡಿದಿದ್ದೇನೆ. ಸೀಸನ್ ನಡುವೆ ಯಾರಿಗೂ ಹೊಸದು ಕಲಿಯುವ ತಾಳ್ಮೆ ಇರುವುದಿಲ್ಲ.

ಈ ನಾಲ್ಕು ವಾರವೂ ಶಾರದಕ್ಕನ ಕೆಂಪು ರಟ್ಟಿನ ಬುಕ್ಕೇ ಅಂತಿಮ. ಅವರು ಈಗ ಬರೆಯುವ ಹಾಗೇ ಬರೆಯಲಿ. ದುಡ್ಡು ಕೊಡುವುದು ಬುಕ್ಕಿನ ಪ್ರಕಾರವೇ. ನಮ್ಮ ಸಾಫ್ಟ್‌ವೇರ್ ಪಕ್ಕದಲ್ಲಿ ತನ್ನ ಪಾಡಿಗೆ ಲೆಕ್ಕ ಮಾಡುತ್ತಾ ಹೋಗುತ್ತದೆ. ಶನಿವಾರ ಮಧ್ಯಾಹ್ನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಹೊಂದದಿದ್ದರೆ ಬುಕ್ಕಿನಲ್ಲಿದ್ದಷ್ಟೇ ಕೊಟ್ಟು ಜನರನ್ನು ಕಳಿಸಿ. ವ್ಯತ್ಯಾಸ ಎಲ್ಲಿ ಬಂತು ಅಂತ ಹುಡುಕುವುದು ನನ್ನ ಕೆಲಸ. ಸೋಮವಾರ ಬೆಳಿಗ್ಗೆ ಒಂದೊಂದು ಸಾಲಿಗೂ ಕಾರಣ ಬರೆದು ಕೊಡುತ್ತೇನೆ. ಟ್ರಯಲ್ ಪೂರ್ತಿ ಕೆಟ್ಟುಹೋದರೂ ನಿಮ್ಮ ಟೇಲರ್‌ಗಳಿಗೆ ಅದು ಗೊತ್ತೇ ಆಗಬಾರದು.

ದಿನಾ ಏನು ಮಾಡಬೇಕಾಗುತ್ತದೆ ಅಂತ ಒಂದು ಲಾಟ್ ಹಿಡಿದು ಹೇಳುತ್ತೇನೆ. 480 ಪೀಸಿನ ಲಾಟ್ ಅಂದುಕೊಳ್ಳಿ. 28, 30, 32, 34, 36, ಐದು ಸೈಜು. 24 ಪೀಸಿಗೆ ಒಂದು ಬಂಡಲ್ ಅಂದರೆ 20 ಬಂಡಲ್. ಕಟಿಂಗ್ ಟೇಬಲ್‌ನಿಂದ ಬಂಡಲ್ ಇಳಿಯುವಾಗ ನೀವು ಈಗ ಕೈಯಲ್ಲಿ ಬರೆದು ಕಟ್ಟುವ ಚೀಟಿಯ ಜಾಗದಲ್ಲಿ ಒಂದು ಪ್ರಿಂಟ್ ಚೀಟಿ ಇರುತ್ತದೆ. ಅದರಲ್ಲಿ ಲಾಟ್ ನಂಬರ್, ಸೈಜು, ಪೀಸು, ಜೊತೆಗೆ ಒಂದು ಕ್ಯೂಆರ್ ಕೋಡ್. ಜಿಪ್ ಹಚ್ಚುವವರು ಬಂಡಲ್ ಮುಗಿಸಿ ಕೊಟ್ಟಾಗ ಹುಸೇನ್ ಸಾಬ್ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಅವರ ಹೆಸರು ಒತ್ತಬೇಕು, ಅಷ್ಟೇ. ಜಿಪ್‌ಗೆ ಪೀಸಿಗೆ 2.50 ರೂಪಾಯಿ ಅಂತಿದ್ದರೆ ಆ ಬಂಡಲ್‌ಗೆ 60 ರೂಪಾಯಿ ಅವರ ಹೆಸರಿಗೆ ಸೇರುತ್ತದೆ.

ಆಲ್ಟ್ರೇಶನ್ ವಿಷಯಕ್ಕೆ ನೀವು ತಲೆ ಕೆಡಿಸಿಕೊಂಡಿದ್ದನ್ನು ಅವತ್ತು ನೋಡಿದೆ. 24ರಲ್ಲಿ 2 ಪೀಸು ವಾಪಸ್ ಬಂದರೆ ಶಾರದಕ್ಕ ಕೆಂಪು ಪೆನ್ನಿನಲ್ಲಿ ಹೊಡೆದು ಪಕ್ಕದಲ್ಲಿ '2 ಬಾಕಿ' ಅಂತ ಬರೆಯುತ್ತಾರೆ. ಮುಂದಿನ ವಾರ ಪುಟ ತಿರುಗಿದ ಮೇಲೆ ಆ ಎರಡು ಪೀಸು ಎಷ್ಟೋ ಸಲ ಮರೆತೇ ಹೋಗುತ್ತವೆ. ಟೇಲರ್ ಬಂದು ನೆನಪಿಸಿದರೆ ಜಗಳ, ನೆನಪಿಸದಿದ್ದರೆ ಅವರಿಗೆ ನಷ್ಟ. ನಮ್ಮ ಸಾಫ್ಟ್‌ವೇರ್‌ನಲ್ಲಿ ಆ ವಾರ 55 ರೂಪಾಯಿ ಬರುತ್ತದೆ. ಉಳಿದ 5 ರೂಪಾಯಿ ಆಲ್ಟ್ರೇಶನ್ ಖಾತೆಯಲ್ಲಿ ನಿಂತಿರುತ್ತದೆ. ಪೀಸು ಸರಿಯಾಗಿ ವಾಪಸ್ ಬಂದ ದಿನ ತಾನೇ ಅವರ ಲೆಕ್ಕಕ್ಕೆ ಸೇರುತ್ತದೆ. 5 ರೂಪಾಯಿ ಸಣ್ಣದು ಅನಿಸಬಹುದು. ಆದರೆ ತನ್ನ ಪೀಸು ಎಣಿಸಿಟ್ಟುಕೊಂಡ ಟೇಲರ್‌ಗೆ ಅದು ಸಣ್ಣದಲ್ಲ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಆಸೆ ಇರುವುದು ಈ ಒಂದು ಜಾಗದ ಮೇಲೆ. ನಾಲ್ಕು ವಾರದಲ್ಲಿ ಇದೊಂದು ಸರಿಹೋದರೂ ಸಾಕು ಅಂತ ನಾನು ಅಂದುಕೊಂಡಿದ್ದೇನೆ.

ಮುಂಗಡದ ಲೆಕ್ಕವನ್ನೂ ಹಾಕಬಹುದು. ಆದರೆ ಟ್ರಯಲ್‌ನಲ್ಲಿ ಬೇಡ ಅಂತ ನನ್ನ ಸಲಹೆ. ಯಾರು ಎಷ್ಟು ಮುಂಗಡ ತಗೊಂಡಿದ್ದಾರೆ ಅನ್ನುವುದು ನಿಮ್ಮ ಮತ್ತು ಅವರ ನಡುವಿನ ವಿಷಯ. ನಂಬಿಕೆ ಬಂದ ಮೇಲೆ ನೋಡೋಣ.

ವಾಷಿಂಗ್‌ಗೆ ಹೋಗುವ ಮಾಲನ್ನು ಮಾತ್ರ ಸೇರಿಸೋಣ. 480 ಕಳಿಸಿ 476 ಬಂದರೆ ಆ ನಾಲ್ಕು ಯಾವ ಚಲನ್‌ದು ಅಂತ ಈಗ ಹಳೇ ಚಲನ್ ಕಟ್ಟು ಬಿಚ್ಚಿ ಹುಡುಕಬೇಕು. ಇಲ್ಲಿ ಬಾಕಿ ಇರುವ ಚಲನ್‌ಗಳು ತಾರೀಕಿನ ಪ್ರಕಾರ ಒಂದೇ ಕಡೆ ಕಾಣುತ್ತವೆ. ಜಿಎಸ್‌ಟಿಯಲ್ಲಿ ಜಾಬ್‌ವರ್ಕ್‌ಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕಲ್ವಾ, ಆ ಲೆಕ್ಕಕ್ಕೂ ಇದು ಉಪಯೋಗಕ್ಕೆ ಬರುತ್ತದೆ. ಒಂದು ವಿಷಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ನಮ್ಮ ಸಾಫ್ಟ್‌ವೇರ್ ಜಿಎಸ್‌ಟಿ ರಿಟರ್ನ್ ಹಾಕುವುದಿಲ್ಲ, ಟ್ಯಾಲಿಗೆ ನೇರವಾಗಿ ಸೇರುವುದೂ ಇಲ್ಲ. ಚಲನ್ ಪಟ್ಟಿ ಎಕ್ಸೆಲ್‌ನಲ್ಲಿ ಸಿಗುತ್ತದೆ, ನಿಮ್ಮ ಅಕೌಂಟೆಂಟ್‌ಗೆ ಕಳಿಸಬಹುದು. ಅದಕ್ಕಿಂತ ಹೆಚ್ಚು ಬೇಕಿದ್ದರೆ ಇದು ನಿಮಗೆ ತಕ್ಕದ್ದಲ್ಲ, ಈಗಲೇ ಹೇಳಿದರೆ ಇಬ್ಬರಿಗೂ ಒಳ್ಳೆಯದು.

ಕರೆಂಟ್ ಮತ್ತು ನೆಟ್‌ವರ್ಕ್ ಬಗ್ಗೆ ಕೇಳಿದಿರಿ. ಸ್ಕ್ಯಾನ್ ಮಾಡಲು ನೆಟ್ ಬೇಕಿಲ್ಲ. ಮೊಬೈಲ್‌ನಲ್ಲೇ ಉಳಿದುಕೊಂಡು, ನೆಟ್ ಬಂದಾಗ ತಾನೇ ಹೋಗುತ್ತದೆ. ಚೀಟಿ ಪ್ರಿಂಟರ್ ಮತ್ತು ರೋಲ್ ನಾನೇ ತರುತ್ತೇನೆ, ಟ್ರಯಲ್ ಮುಗಿದ ಮೇಲೆ ಬೇಡವಾದರೆ ವಾಪಸ್ ಒಯ್ಯುತ್ತೇನೆ. ಹುಸೇನ್ ಸಾಬ್ ಹತ್ತಿರ ಇರುವ ಮೊಬೈಲೇ ಸಾಕು. ಪರದೆ ಪೂರ್ತಿ ಕನ್ನಡದಲ್ಲಿದೆ.

ನಿಮ್ಮಿಂದ ನನಗೆ ಬೇಕಾಗುವುದು ಆ ಲೈನಿನ ಟೇಲರ್‌ಗಳ ಹೆಸರು ಮತ್ತು ಪೀಸ್ ರೇಟು. ಆಧಾರ್ ಬೇಡ, ಬ್ಯಾಂಕ್ ಖಾತೆ ಬೇಡ, ಫೋನ್ ನಂಬರೂ ಬೇಡ. ನಿಮ್ಮ ರೇಟು ಊರಲ್ಲಿ ಇನ್ನೊಬ್ಬರಿಗೆ ಗೊತ್ತಾಗಬಾರದು ಅನ್ನುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅದನ್ನು ನೋಡುವುದು ನಾನೊಬ್ಬನೇ. ಇಲ್ಲಿ ಟ್ರಯಲ್ ನಡೆಸಿದೆವು ಅಂತ ನಿಮ್ಮನ್ನು ಕೇಳದೆ ಯಾರ ಮುಂದೆಯೂ ನಿಮ್ಮ ಯೂನಿಟ್ ಹೆಸರು ಎತ್ತುವುದಿಲ್ಲ. ನೀವು ಬೇಡ ಅಂದರೆ ಅಲ್ಲಿವರೆಗಿನ ಲೆಕ್ಕವನ್ನೆಲ್ಲ ಎಕ್ಸೆಲ್‌ನಲ್ಲಿ ಕೊಟ್ಟು, ಏಳು ದಿನದೊಳಗೆ ನಮ್ಮ ಕಡೆಯಿಂದ ಅಳಿಸಿ, ಅಳಿಸಿದ್ದೇನೆ ಅಂತ ಮೇಲ್ ಹಾಕುತ್ತೇನೆ.

ಗೆದ್ದಿತೋ ಸೋತಿತೋ ಅಂತ ಹೇಗೆ ಹೇಳುವುದು? ಅದನ್ನು ಶುರುವಿನಲ್ಲೇ ಮಾತಾಡಿಕೊಂಡರೆ ಕೊನೆಗೆ ಮುಜುಗರ ಇರುವುದಿಲ್ಲ. ನನ್ನ ಲೆಕ್ಕದಲ್ಲಿ, ಮೂರನೇ ಮತ್ತು ನಾಲ್ಕನೇ ಶನಿವಾರ ಸಂಜೆ ನಾಲ್ಕಕ್ಕೆ ಬಟವಾಡೆ ಪಟ್ಟಿ ತಯಾರಿರಬೇಕು, ಅದು ಬುಕ್ಕಿಗೆ ಪೈಸೆ ಪೈಸೆ ಹೊಂದಬೇಕು. ಹೊಂದದ ಕಡೆ ತಪ್ಪು ಯಾವುದರಲ್ಲಿದೆ ಅಂತ ಚೀಟಿ ಹಿಡಿದು ತೋರಿಸಲು ಬರಬೇಕು. ಇನ್ನೊಂದು, ವ್ಯಾಪಾರಿ ಫೋನ್ ಮಾಡಿ ಲಾಟ್ ಎಲ್ಲಿಗೆ ಬಂತು ಅಂದರೆ ನೀವು ಕುರ್ಚಿಯಿಂದ ಏಳದೆ ಹೇಳುವಂತಿರಬೇಕು. ಮೂರನೇ ವಾರದಲ್ಲೂ ಹುಸೇನ್ ಸಾಬ್‌ಗೆ ಇದರಿಂದ ಕೆಲಸ ಜಾಸ್ತಿಯೇ ಆಗುತ್ತಿದ್ದರೆ ಅಲ್ಲಿಗೇ ನಿಲ್ಲಿಸೋಣ. ನಾಲ್ಕನೇ ವಾರದವರೆಗೆ ಕಾಯಬೇಕಿಲ್ಲ. ನಿಮಗೆ ಇದರಲ್ಲಿ ಬೇರೆ ಏನಾದರೂ ಮುಖ್ಯ ಅನಿಸಿದರೆ ಸೇರಿಸಿ.

ಪುಕ್ಕಟೆ ಯಾಕೆ ಮಾಡುತ್ತೀಯ ಅಂತ ನಿಮಗೆ ಅನಿಸಿದರೆ ಅದು ನ್ಯಾಯವೇ. ಇದು ಸರಿಹೋದರೆ ನೀವು ವರ್ಷಗಟ್ಟಲೆ ಇಟ್ಟುಕೊಳ್ಳುತ್ತೀರಿ ಅನ್ನುವ ನಂಬಿಕೆ ನನಗಿದೆ. ಬಳ್ಳಾರಿಯ ಜೀನ್ಸ್ ಕೆಲಸಕ್ಕೆ ಇಲ್ಲಿಯವರೇ ಒಪ್ಪುವ ಒಂದು ಸಾಫ್ಟ್‌ವೇರ್ ಇರಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಬದಲಿಗೆ ನಿಮ್ಮಿಂದ ಎರಡು ಕೇಳುತ್ತೇನೆ. ಪ್ರತಿ ಶನಿವಾರ ಬಟವಾಡೆ ಆದ ಮೇಲೆ ಹತ್ತು ನಿಮಿಷ ನನ್ನ ಜೊತೆ ಮಾತಾಡಿ, ಏನು ಹಿಡಿಸಲಿಲ್ಲ ಅನ್ನುವುದನ್ನು ನೇರವಾಗಿ ಹೇಳಿ. ಮತ್ತೆ ಆಗಸ್ಟ್ 3, ಸೋಮವಾರ ಹೂಂ ಅಥವಾ ಬೇಡ, ಎರಡರಲ್ಲಿ ಒಂದು ಹೇಳಿ. ಶಾರದಕ್ಕ, ಹುಸೇನ್ ಸಾಬ್ ಇಬ್ಬರೂ ಅವತ್ತು ಇರಲಿ. ದಿನಾ ಇದನ್ನು ಹಿಡಿಯುವವರು ಅವರು, ಅವರಿಗೆ ಬೇಡವಾದರೆ ನಾನು ನಿಮ್ಮನ್ನು ಒತ್ತಾಯ ಮಾಡುವುದಿಲ್ಲ.

ಹೂಂ ಅಂದರೆ ತಿಂಗಳಿಗೆ 1,200 ರೂಪಾಯಿ, 18% ಜಿಎಸ್‌ಟಿ ಸೇರಿ 1,416. ಮೂರೂ ಲೈನಿಗೆ ಸೇರಿ ಇಷ್ಟೇ. ವರ್ಷದ ದುಡ್ಡು ಒಟ್ಟಿಗೆ ಕೊಡಬೇಕಿಲ್ಲ, ಯಾವ ತಿಂಗಳು ಬೇಕಾದರೂ ನಿಲ್ಲಿಸಬಹುದು. ಟ್ರಯಲ್‌ಗೆ ಅಡ್ವಾನ್ಸ್, ಚೆಕ್ಕು, ಸಹಿ ಏನೂ ಬೇಡ. ನೀವು ಏನೂ ಹೇಳದಿದ್ದರೆ ಆಗಸ್ಟ್ 3ಕ್ಕೆ ಅದು ತಾನಾಗಿ ಬಂದ್ ಆಗುತ್ತದೆ. ಸುಮ್ನೆ ಬಿಟ್ಟಿದ್ದಕ್ಕೆ ಬಿಲ್ ಬರುವ ಪದ್ಧತಿ ನಮ್ಮಲ್ಲಿಲ್ಲ.

ಜುಲೈ 4, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಯೂನಿಟ್‌ಗೆ ಬಂದು ಹೆಸರು, ರೇಟು ಹಾಕಿ, ಹುಸೇನ್ ಸಾಬ್‌ಗೆ ತೋರಿಸಿಕೊಡಬಲ್ಲೆ. ಅರ್ಧ ಗಂಟೆ ಸಾಕು, ಬಟವಾಡೆ ಹೊತ್ತಿಗೆ ಅಡ್ಡ ಬರುವುದಿಲ್ಲ. ಮೊದಲ ವಾರ ದಿನಾ ಸಂಜೆ ಬಂದು ಹೋಗುತ್ತೇನೆ, ಆಮೇಲೆ ಕರೆದಾಗ ಬರುತ್ತೇನೆ. ಒಪ್ಪಿಗೆ ಇದ್ದರೆ ಈ ಮೇಲ್‌ಗೆ 'ಬಾ' ಅಂತ ಒಂದು ಮಾತು ಬರೆಯಿರಿ, ಇಲ್ಲವೇ ವಾಟ್ಸಾಪ್ ಮಾಡಿ. ಆ ದಿನ ಆಗದಿದ್ದರೆ ಭಾನುವಾರವೂ ನನಗೆ ನಡೆಯುತ್ತದೆ.

ಇತಿ,
ಪ್ರವೀಣ
ಬಳ್ಳಾರಿ