ದಾರದ ವಿಷಯ

ಅಲ್ಮೋರಾ ಜಿಲ್ಲೆ, ಉತ್ತರಾಖಂಡ
17 ಡಿಸೆಂಬರ್ 2024, ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ‘ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ’ ಅಂತ ಆರನೇ ಕ್ಲಾಸಿನಲ್ಲಿ ಮೇಷ್ಟ್ರು ಬರೆಸುತ್ತಿದ್ದರು. ಅದಾದ ಮೇಲೆ ನಾನು ಕಾಗದ ಬರೆದದ್ದೇ ಇಲ್ಲ. ಈಗ ಯಾಕೆ ಅಂದರೆ, ಫೋನಿನಲ್ಲಿ ಆಗುವ ಮಾತಲ್ಲ ಇದು. ಫೋನ್ ಮಾಡಿದರೆ ಅಪ್ಪ “ಊಟ ಆಯ್ತಾ? ಚಳಿ ಜಾಸ್ತಿನಾ? ತಡಿ, ಅಮ್ಮಂಗೆ ಕೊಡ್ತೀನಿ” ಅಂತೀರಿ. ಮುಗೀತು. ಎರಡು ವರ್ಷದಿಂದ ಅಷ್ಟೇ ಮಾತು.

ನೀವು ಇಷ್ಟೊತ್ತಿಗೆ ಅರಸೀಕೆರೆ ಸೇರಿರುತ್ತೀರಿ. ನಾನು ನಿನ್ನೆ ಸಂಜೆ ಬಿಷ್ಟ್ ಮನೆಗೆ ಬಂದೆ. ಡೆಹ್ರಾಡೂನಿನಿಂದ ಹಲ್ದ್ವಾನಿ, ಅಲ್ಲಿಂದ ಅಲ್ಮೋರಾ, ಆಮೇಲೆ ಜೀಪು, ಆಮೇಲೆ ನಡಿಗೆ. ಇಲ್ಲಿ ಸಿಗ್ನಲ್ ಬೇಕಾದರೆ ದೇವಸ್ಥಾನದ ಕಟ್ಟೆವರೆಗೆ ಹತ್ತಬೇಕು. ಅಮ್ಮ, ನೀನು ಪರೇಡಿನ ದಿನ ಯಾರ ಭುಜ ಮುಟ್ಟಿ “ನೀನೂ ನನ್ನ ಮಗನೇ ಕಣಪ್ಪ” ಅಂದೆಯಲ್ಲ, ಅವನೇ ಬಿಷ್ಟ್. ಮೊದಲು ಸೈನ್ಯಕ್ಕೆ ಜವಾನನಾಗಿ ಸೇರಿ, ಆಮೇಲೆ ಪರೀಕ್ಷೆ ಪಾಸು ಮಾಡಿ, ಆರ್ಮಿ ಕೆಡೆಟ್ ಕಾಲೇಜಿನಿಂದ ನಮ್ಮ ಮಿಲಿಟರಿ ಅಕಾಡೆಮಿಗೆ ಬಂದವನು. ಅಪ್ಪ ಇಲ್ಲ. ಅವನ ತಾಯಿಗೆ ಮಂಡಿ ನೋವು, ಬೆಟ್ಟ ಇಳಿಯೋಕೆ ಆಗಲಿಲ್ಲ. ಅವನ ಹೆಗಲಿಗೆ ಕೈ ಹಾಕುವವರು ನಮ್ಮ ಅಮ್ಮ ಬಿಟ್ಟರೆ ಯಾರೂ ಇರಲಿಲ್ಲ. ನೀನು ಕನ್ನಡದಲ್ಲಿ ಹೇಳಿದ್ದು ಅವನಿಗೆ ಒಂದಕ್ಷರ ಅರ್ಥ ಆಗಿಲ್ಲ. ಮೂರು ದಿನದಿಂದ ‘ಕಣಪ್ಪ ಅಂದರೇನು’ ಅಂತ ಕೇಳ್ತಾನೇ ಇದ್ದಾನೆ. ಹಿಂದಿಯಲ್ಲಿ ಏನು ಹೇಳೋದು ಹೇಳು.

ಇಲ್ಲಿ ಅಮ್ಮನಿಗೆ ‘ಈಜಾ’ ಅಂತಾರೆ. ಅವರು ಇವತ್ತು ಕಪ್ಪಗಿನ ರೊಟ್ಟಿ ತಟ್ಟಿ ಕೊಟ್ಟರು. ಬಾಯಿಗಿಟ್ಟರೆ ರಾಗಿ! ಇವರು ಮಡುವಾ ಅಂತಾರೆ. ‘ನಮ್ಮಮ್ಮ ಇದನ್ನೇ ಮುದ್ದೆ ಕಟ್ತಾರೆ’ ಅಂದೆ. ಅಗಿಯದೆ ನುಂಗ್ತೀವಿ ಅಂದಿದ್ದಕ್ಕೆ ಅವರು ನಂಬಲಿಲ್ಲ.

ಸರಿ, ಪರೇಡಿನ ವಿಷಯ. ಅಮ್ಮ, ನೀನು ಕೇಳಿದ್ದಕ್ಕೆಲ್ಲ ಅಲ್ಲಿ ಉತ್ತರ ಹೇಳೋಕೆ ಆಗಲಿಲ್ಲ, ಬ್ಯಾಂಡಿನ ಸದ್ದು. ಸಲಾಮು ಸ್ವೀಕರಿಸಿದವರು ನೇಪಾಳ ಸೇನೆಯ ಮುಖ್ಯಸ್ಥರು. ನಾವು 456 ಜನ, ಜೊತೆಗೆ ಬೇರೆ ದೇಶಗಳ 35 ಜನ. ಕೊನೆಗೆ ಮೆಟ್ಟಿಲು ಹತ್ತಿ ಆ ದೊಡ್ಡ ಕಟ್ಟಡದೊಳಗೆ ಹೋದೆವಲ್ಲ, ಅದು ಚೆಟ್‌ವುಡ್ ಬಿಲ್ಡಿಂಗ್. ಅಲ್ಲಿ ‘ಅಂತಿಮ್ ಪಗ್’ ಅಂತ ಒಂದು ಗೆರೆ ಇದೆ. ಅದು ದಾಟುವವರೆಗೆ ಕೆಡೆಟ್, ದಾಟಿದ ಮೇಲೆ ಆಫೀಸರ್. ದಾಟುವಾಗ ಏನನ್ನಿಸಿತು ಅಂತ ಕೇಳಿದೆ ನೀನು. ನಿಜ ಹೇಳಲಾ? ಮುಂದಿನವನ ಹಿಮ್ಮಡಿ ನೋಡ್ತಾ ಇದ್ದೆ. ನಿಧಾನದ ಹೆಜ್ಜೆಯಲ್ಲಿ ಮೆಟ್ಟಿಲು ಹತ್ತೋದು ಬಹಳ ಕಷ್ಟ. ಎಡವಿದರೆ ಟೀವಿಯಲ್ಲಿ ಬರ್ತೀನಿ ಅಂತ ಒಂದೇ ಭಯ.

ಆಮೇಲೆ ನಮ್ಮ ಡ್ರಿಲ್ ಉಸ್ತಾದ್ ಎದುರಿಗೆ ಬಂದು ಸೆಲ್ಯೂಟ್ ಹೊಡೆದರು. “ಮುಬಾರಕ್ ಹೋ ಸಾಬ್” ಅಂದರು. ಹಿಂದಿನ ದಿನದವರೆಗೂ ಕತ್ತೆ ಅಂತ ಕರೀತಿದ್ದ ಬಾಯಿ ಅದು. ಕಣ್ಣು ತುಂಬಿದ್ದು ಗೆರೆ ದಾಟಿದಾಗಲ್ಲ, ಆಗ.

ಈ ಉಸ್ತಾದ್ ವಿಷಯ ಅಪ್ಪನಿಗೆ ಹೇಳಲೇಬೇಕು. ಶುರುವಿನ ಎರಡು ತಿಂಗಳು ಅವರು ನನ್ನ ಹಿಂದೆ ಬಂದು ನಿಂತು ಕೂಗ್ತಾ ಇದ್ದದ್ದು ಒಂದೇ: “ಬಾಯಾ ಕಂಧಾ!” ಎಡಭುಜ. ಎಡಭುಜ ಇಳಿದಿದೆ, ಎತ್ತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನೀವು ಟೇಪು ಹಿಡಿದು ಇದನ್ನೇ ಹೇಳಿದ್ದಿರಿ. “ಇವನ ಎಡಭುಜ ಅರ್ಧ ಇಂಚು ಇಳಿದದೆ” ಅಂತ ಯೂನಿಫಾರ್ಮ್ ಷರ್ಟಿನ ಒಳಗೆ ಒಂದು ಮಡಿಕೆ ಬಟ್ಟೆ ಇಟ್ಟು ಹೊಲಿದಿರಿ. ಆಮೇಲೆ ಪ್ರತಿ ಷರ್ಟಿಗೂ ಇಟ್ಟಿರಿ. ನನ್ನ ಭುಜ ಸರಿಯಾಗಿದೆ ಅಂತಲೇ ನಾನು ಅಂದುಕೊಂಡಿದ್ದೆ. ಅಕಾಡೆಮಿಯ ಷರ್ಟಿನಲ್ಲಿ ಆ ಮಡಿಕೆ ಇರಲಿಲ್ಲ ನೋಡಿ, ಗುಟ್ಟು ರಟ್ಟಾಯಿತು.

ಇನ್ನೊಂದು ಹೇಳಬೇಕು. ಹದಿನೆಂಟು ತಿಂಗಳ ಟ್ರೈನಿಂಗು ನನಗೆ ಎರಡು ವರ್ಷ ಯಾಕಾಯಿತು ಅಂತ ನೀವು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ‘ಇನ್ನೊಂದು ಕೋರ್ಸ್ ಕೊಟ್ಟಿದ್ದಾರೆ’ ಅಂದಿದ್ದೆ. ಅದು ಸುಳ್ಳು. ಎಡಗಾಲಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಓಡಿ ಓಡಿ ಆಗೋದು, ಬಹಳ ಹುಡುಗರಿಗೆ ಆಗುತ್ತೆ. ನೋವು ಹೇಳದೆ ಮುಚ್ಚಿಟ್ಟೆ, ಜಾಸ್ತಿ ಮಾಡಿಕೊಂಡೆ. ತಪ್ಪು ನನ್ನದೇ. ಆರು ತಿಂಗಳು ಹಿಂದೆ ಬಿದ್ದೆ. ನನ್ನ ಜೊತೆ ಸೇರಿದವರು ಜೂನಿನಲ್ಲೇ ನಕ್ಷತ್ರ ಹಾಕಿಕೊಂಡು ಹೋದರು. ಆ ಪರೇಡಿನ ದಿನ ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿದ್ದೆ.

ಆದರೆ ಅಪ್ಪ, ನಿಮಗೆ ಗೊತ್ತಿತ್ತು ಅಲ್ವಾ? ರಜೆಗೆ ಬಂದಾಗ ಪ್ಯಾಂಟಿಗೆ ಅಳತೆ ತಗೊಂಡಿರಿ. ಬಲಗಾಲಿಗೆ ಸುತ್ತಿದಿರಿ, ಎಡಗಾಲಿಗೆ ಸುತ್ತಿದಿರಿ, ಮತ್ತೆ ಬಲಗಾಲಿಗೆ ಸುತ್ತಿದಿರಿ. “ಮೀನಖಂಡ ಸಣ್ಣಾಗಿದೆಯಲ್ಲೋ” ಅಂದಿರಿ. ನಾನು ಮಾತಾಡಲಿಲ್ಲ. ನೀವು ಪುಸ್ತಕದಲ್ಲಿ ಬರೆದುಕೊಂಡು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡಿರಿ. ಆ ಪ್ಯಾಂಟು ಅಕಾಡೆಮಿಗೆ ತಂದು ಹಾಕಿ ನೋಡಿದರೆ ಎರಡೂ ಕಾಲು ಒಂದೇ ಥರ ಕಾಣ್ತಿತ್ತು. ಎಡಗಾಲಿನದು ಒಳಗಿನಿಂದ ಹಿಡಿದಿದ್ದಿರಿ.

ಈಗ ದಾರದ ವಿಷಯ. ಈ ಕಾಗದ ಬರೀತಿರೋದೇ ಅದಕ್ಕೆ. ಇಷ್ಟು ಹೊತ್ತು ಸುತ್ತಾಡಿದೆ.

ನಕ್ಷತ್ರ ಹಾಕುವಾಗ ಅಮ್ಮ ಬಲಕ್ಕೆ, ನೀವು ಎಡಕ್ಕೆ ನಿಂತಿದ್ದಿರಿ. ಅಮ್ಮನ ಕೈ ನಡುಗ್ತಾ ಇತ್ತು. ನಿಮ್ಮ ಕೈ ನಡುಗಲಿಲ್ಲ. ನೀವು ನಕ್ಷತ್ರದ ಕೆಲಸ ಮುಗಿಸಿ, ಹೆಬ್ಬೆರಳಿನಲ್ಲಿ ಹೆಗಲ ಹೊಲಿಗೆ ಒಂದು ಸಲ ಸವರಿದಿರಿ. ತೋಳು ಸೇರುವ ಕಡೆ ಒಂದು ದಾರ ಎದ್ದಿತ್ತು. ಕತ್ತರಿ ಇಲ್ಲ. ಬಗ್ಗಿ ಹಲ್ಲಿನಲ್ಲಿ ಕಚ್ಚಿ ತೆಗೆದಿರಿ. ಅಂಗಡಿಯಲ್ಲಿ ದಿನಕ್ಕೆ ನೂರು ಸಲ ಮಾಡ್ತೀರಲ್ಲ, ಹಾಗೇ. ಮಂಕಿ ಕ್ಯಾಪ್ ಬೇರೆ ಹಾಕಿಕೊಂಡಿದ್ದಿರಿ. ಪಕ್ಕದಲ್ಲಿ ಯಾರೋ ಕರ್ನಲ್ ಸಾಹೇಬರ ಕುಟುಂಬ ನಿಂತಿತ್ತು. ಅವರ ಮಗಳು ನಕ್ಕಳು. ನಾನು ಹಲ್ಲು ಕಚ್ಚಿ “ಏನಪ್ಪಾ ಇದು, ಇದು ಅಂಗಡಿ ಅಲ್ಲ” ಅಂದೆ.

ನೀವು ಒಂದು ಹೆಜ್ಜೆ ಹಿಂದೆ ಹೋದಿರಿ. ಆ ಚೂರು ದಾರ ಎಲ್ಲಿ ಹಾಕೋದು ಅಂತ ಗೊತ್ತಾಗದೆ ಬೆರಳಲ್ಲಿ ಸುತ್ತಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡಿರಿ. ಆಮೇಲೆ ತೆಗೆದ ಫೋಟೋದಲ್ಲೆಲ್ಲ ನಿಮ್ಮ ಕೈ ಜೇಬಿನಲ್ಲೇ ಇದೆ. ಮೂರು ಸಲ ನೋಡಿದೆ.

ನಾನು ಹಾಗೆ ಅನ್ನಬಾರದಿತ್ತು, ಅಪ್ಪ. ತಪ್ಪಾಯಿತು. ಸ್ಟೇಷನ್ನಿನಲ್ಲಿ ಹೇಳೋಣ ಅಂದುಕೊಂಡೆ. ನೀವು ಲೋಯರ್ ಬರ್ತ್ ಹುಡುಕೋದರಲ್ಲಿದ್ದಿರಿ, ನಾನು ಬ್ಯಾಗು ಜೋಡಿಸೋದರಲ್ಲಿ. ರೈಲು ಹೊರಟಿತು.

ಆವತ್ತು ರಾತ್ರಿ ಬಿಷ್ಟ್‌ಗೆ ಹೇಳಿದೆ. ಸಮಾಧಾನ ಏನೂ ಮಾಡಲಿಲ್ಲ ಅವನು. ತನ್ನ ಕೋಟು ತಂದು ದೀಪದ ಕೆಳಗೆ ಹಿಡಿದ. “ನನ್ನದರಲ್ಲೂ ಎರಡು ದಾರ ಇತ್ತು. ನಿಮ್ಮಪ್ಪ ಈ ಕಡೆ ಬರ್ತಾರೇನೋ ಅಂತ ಕಾಯ್ತಿದ್ದೆ, ನೀನು ಓಡಿಸಿಬಿಟ್ಟೆ” ಅಂದ.

ಚೆಟ್‌ವುಡ್ ಹಾಲ್‌ನಲ್ಲಿ ಮೂರು ಸಾಲು ಬರೆದಿದ್ದಾರೆ. ಮೊದಲ ದಿನದಿಂದ ಬಾಯಿಪಾಠ. ದೇಶದ ಕ್ಷೇಮ, ಮರ್ಯಾದೆ ಮೊದಲು. ಆಮೇಲೆ ನಿನ್ನ ಕೈಕೆಳಗಿನ ಜವಾನರದ್ದು. ನಿನ್ನದು ಕೊನೆಗೆ, ಯಾವಾಗಲೂ. ಮೊದಲ ಸಲ ಓದಿದಾಗ ನನಗೆ ನಮ್ಮ ಅಂಗಡಿಯ ಯುಗಾದಿ ನೆನಪಾಗಿತ್ತು. ಊರಿನವರ ಬಟ್ಟೆಯೆಲ್ಲ ಮುಗಿದ ಮೇಲೆ, ಹಬ್ಬದ ಹಿಂದಿನ ರಾತ್ರಿ ನಮ್ಮದಕ್ಕೆ ಕೈ ಹಾಕ್ತಿದ್ದಿರಿ. ಒಂದು ಯುಗಾದಿಗೆ ನಾನು ಕಾಜಾ ಇಲ್ಲದ ಷರ್ಟಿಗೆ ಪಿನ್ನು ಚುಚ್ಚಿಕೊಂಡು ಬೇವು ಬೆಲ್ಲ ತಿಂದಿದ್ದೀನಿ. ಆಗ ಅತ್ತು ರಂಪ ಮಾಡಿದ್ದೆ.

ಮುಂದಿನದು ಹೇಳಿಬಿಡ್ತೀನಿ. ನನಗೆ ಕುಮಾವೂಂ ರೆಜಿಮೆಂಟ್ ಸಿಕ್ಕಿದೆ ಅಂತ ಗೊತ್ತಲ್ಲ. ಕೊಡಗಿನ ಜನರಲ್ ತಿಮ್ಮಯ್ಯನವರು ಇದೇ ರೆಜಿಮೆಂಟಿನವರು. ಅಕಾಡೆಮಿಯಲ್ಲಿ ನನ್ನ ಬೆಟಾಲಿಯನ್ನಿಗೂ ಅವರದೇ ಹೆಸರು, ಇನ್ನೊಂದಕ್ಕೆ ಕಾರ್ಯಪ್ಪನವರದು. ‘ನಾಲ್ಕರಲ್ಲಿ ಎರಡು ನಮ್ಮವು’ ಅಂತ ಉತ್ತರದ ಹುಡುಗರ ಮುಂದೆ ಮೆರೆದಿದ್ದೀನಿ. ಅರಸೀಕೆರೆಯಿಂದ ಕೊಡಗು ಎಷ್ಟು ದೂರ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಕೈಕೆಳಗೆ ಬರುವ ಜವಾನರಲ್ಲಿ ಬಹಳ ಜನ ಈ ಬೆಟ್ಟಗಳ ಕಡೆಯವರೇ. ಇವರ ಭಾಷೆ ಕಲೀಬೇಕು. ಈಜಾ ಹತ್ತಿರ ಶುರು ಮಾಡಿದ್ದೀನಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ನನಗೆ ಸಾಬ್ ಅಂತಾರೆ. ಅದನ್ನು ನೆನೆಸಿಕೊಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಪಲ್ಟನ್ ಎಲ್ಲಿದೆ ಅಂತ ಬರೆಯೋ ಹಾಗಿಲ್ಲ. ಅಮ್ಮ, ನೀನು ಹೆದರುವಂಥ ಜಾಗ ಅಲ್ಲ ಅಂತ ಸುಳ್ಳೂ ಹೇಳಲ್ಲ. ಬೂಟು ಚೆನ್ನಾಗಿದೆ, ಊಟ ಚೆನ್ನಾಗಿರುತ್ತೆ, ಕಾಲು ಪೂರ್ತಿ ಸರಿಯಾಗಿದೆ. ಜೇನುಕಲ್ಲು ಬೆಟ್ಟದ ಹರಕೆ ನಾನು ಬಂದ ಮೇಲೆ ಒಟ್ಟಿಗೆ ತೀರಿಸೋಣ, ಒಬ್ಬಳೇ ಹತ್ತಬೇಡ. ಸಂಬಳ ಎಷ್ಟು ಅಂತ ಬೀದಿಗೆಲ್ಲ ಹೇಳಬೇಡ. ಸೊಸೈಟಿಯ ಸಾಲದ್ದು ಎಷ್ಟು ಉಳಿದಿದೆ ಅಂತ ಒಂದು ಚೀಟಿಯಲ್ಲಿ ಬರೆದಿಡು, ಹೊರಡೋ ಮೊದಲು ಅದನ್ನು ಮುಗಿಸ್ತೀನಿ.

23ನೇ ತಾರೀಖು ಬೆಳಿಗ್ಗೆ ಬರ್ತೀನಿ. ಈ ಕಾಗದ ನನಗಿಂತ ಮೊದಲು ಬರುತ್ತೋ ಇಲ್ಲವೋ. ನಾನು ಮನೆಯಲ್ಲಿರುವಾಗ ಪೋಸ್ಟ್‌ಮ್ಯಾನ್ ತಂದುಕೊಟ್ಟರೆ, ದಯವಿಟ್ಟು ನಾನು ಹೊರಗೆ ಹೋದಾಗ ಓದಿ. ನನ್ನ ಎದುರಿಗೆ ಬೇಡ.

ಅಪ್ಪ, ಆ ಕೋಟು ತರ್ತಾ ಇದ್ದೀನಿ. ಬಲಗಡೆ ತೋಳಿನ ಹತ್ತಿರ ಇನ್ನೊಂದು ದಾರ ಎದ್ದಿದೆ. ಕತ್ತರಿಸಿಲ್ಲ.

ನಿಮ್ಮ ಮಗ,
ಮಂಜು

ಅಮ್ಮ, ನಿಪ್ಪಟ್ಟಿನ ಡಬ್ಬಿ ಖಾಲಿ. ಅರ್ಧ ಉಸ್ತಾದ್‌ಗೆ ಕೊಟ್ಟೆ, ಉಳಿದದ್ದು ಈಜಾ ಡಬ್ಬಿ ಸಮೇತ ಎತ್ತಿಟ್ಟುಕೊಂಡಿದ್ದಾರೆ. ಡಬ್ಬಿ ವಾಪಸ್ ಕೇಳೋಕೆ ನನಗೆ ಧೈರ್ಯ ಇಲ್ಲ.